"ಸಕ್ಕರೆ ಸೇರಿಸಿಲ್ಲ" ಎಂದಿರುವ ರಾಗಿ ಬಿಸ್ಕತ್: ಅಪ್ಪನಿಗೆ ಕೊಡಬಹುದಾ? ಲೇಬಲ್ ಓದಲು ಸಹಾಯ ಬೇಕು

ಗಿರಿನಗರದ ಮಗಳು
ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 68 ವರ್ಷ. ಶುಗರ್ ಇದೆ, ಬಿ.ಪಿ.ಯೂ ಇದೆ. ಗ್ಲಿಮೆಪಿರೈಡ್, ಮೆಟ್‌ಫಾರ್ಮಿನ್, ಟೆಲ್ಮಿಸಾರ್ಟಾನ್ ತೆಗೆದುಕೊಳ್ಳುತ್ತಾರೆ. ಹಿಂದಿನ ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಸ್ವಲ್ಪ ಮೇಲಿತ್ತು. ಅಪ್ಪ, ಅಮ್ಮ ಇಬ್ಬರೇ ಗಿರಿನಗರದಲ್ಲಿದ್ದಾರೆ, ನಾನು ವೈಟ್‌ಫೀಲ್ಡ್‌ನಲ್ಲಿ. ಅಂಗಡಿಯಿಂದ ಹೊಸದೇನು ತಂದರೂ ಅಪ್ಪ ಪ್ಯಾಕೆಟ್ಟಿನ ಫೋಟೋ ವಾಟ್ಸಾಪ್‌ನಲ್ಲಿ ಕಳಿಸಿ "ಇದು ತಿನ್ನಬಹುದೇನಮ್ಮ?" ಎಂದು ಕೇಳುತ್ತಾರೆ.

ಈ ಸಲ ರಾಗಿ ಬಿಸ್ಕತ್. ಮುಂದುಗಡೆ ದೊಡ್ಡದಾಗಿ "ಸಕ್ಕರೆ ಸೇರಿಸಿಲ್ಲ" ಎಂದಿದೆ. ಹಿಂದಿನ ಫೋಟೋದಲ್ಲಿ ನನಗೆ ಕಂಡಿದ್ದು ಇಷ್ಟು.

ಪದಾರ್ಥಗಳು: ಮೈದಾ 46%, ತಾಳೆ ಎಣ್ಣೆ, ಮಾಲ್ಟೋಡೆಕ್ಸ್‌ಟ್ರಿನ್, ರಾಗಿ ಹಿಟ್ಟು 14%, ಹಾಲಿನ ಪುಡಿ, ಉಬ್ಬಿಸಲು 503 ಮತ್ತು 500, ಉಪ್ಪು, ಎಮಲ್ಸಿಫೈಯರ್ 322, ಸಿಹಿಗೆ 955.

100 ಗ್ರಾಂಗೆ: ಎನರ್ಜಿ 481 ಕಿಲೋ ಕ್ಯಾಲೊರಿ, ಪ್ರೋಟೀನ್ 7 ಗ್ರಾಂ, ಟೋಟಲ್ ಶುಗರ್ಸ್ 1.8 ಗ್ರಾಂ, ಆಡೆಡ್ ಶುಗರ್ಸ್ 0, ಕೊಬ್ಬು 21 ಗ್ರಾಂ, ಸೋಡಿಯಂ 420 ಮಿಲಿಗ್ರಾಂ. ಕಾರ್ಬೋಹೈಡ್ರೇಟ್ ಮೇಲೆ ಫ್ಲ್ಯಾಶ್ ಬಿದ್ದು ಮೊದಲ ಅಂಕಿ ಕಾಣುತ್ತಿಲ್ಲ. 16 ಇರಬಹುದು, 66 ಇರಬಹುದು. ಒಂದು ಬಿಸ್ಕತ್ ಸುಮಾರು 8 ಗ್ರಾಂ. ಅಪ್ಪ ಕಾಫಿ ಜೊತೆ ಬೆಳಿಗ್ಗೆ ಮೂರು, ಸಂಜೆ ಮೂರು ತಿನ್ನುತ್ತಾರೆ.

ಸಕ್ಕರೆ ಸೊನ್ನೆ ಇರುವುದರಿಂದ ಪರವಾಗಿಲ್ಲವೇ? ಆ ನಂಬರುಗಳೆಲ್ಲ ಕೆಮಿಕಲ್ಲಾ? ಉಪ್ಪು ಜಾಸ್ತಿಯಾ?

ಮೂರ್ತಿ ಬಸವನಗುಡಿ
ಸೊನ್ನೆ ಸಕ್ಕರೆ ಅಂದಮೇಲೆ ಧೈರ್ಯವಾಗಿ ಕೊಡಿ. ರಾಗಿ ಬೇರೆ ಇದೆ. ನಾನು ಎರಡು ಹೊತ್ತೂ ಇಂಥದ್ದೇ ತಿನ್ನುತ್ತೇನೆ.

ಸಾವಯವ ಶಶಿ
ದಯವಿಟ್ಟು ಕೊಡಬೇಡಿ!! ಒಂದೇ ಪ್ಯಾಕೆಟ್ಟಿನಲ್ಲಿ ನಾಲ್ಕು ನಂಬರು. 955 ಅಂದರೆ ಸುಕ್ರಲೋಸ್. ಇಂಥ ಸ್ವೀಟ್ನರ್ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ 2023ರಲ್ಲಿ ಹೇಳಿದೆ.

ಪೀಣ್ಯ ಪ್ರಸಾದ
ಬಿಸ್ಕತ್ ಫ್ಯಾಕ್ಟರಿಯ ಕ್ವಾಲಿಟಿ ವಿಭಾಗದಲ್ಲಿ ಬಹಳ ಕಾಲ ಕೆಲಸ ಮಾಡಿದವನು ನಾನು. ಮೊದಲು ಆ ಕಾಣದ ಅಂಕಿಯನ್ನು ಹಿಡಿಯೋಣ. ಅದು ಗೊತ್ತಾಗದೆ ಮುಂದಿನ ಮಾತೆಲ್ಲ ಸುಮ್ನೆ.

ಪ್ರೋಟೀನ್ ಮತ್ತು ಕಾರ್ಬೋಹೈಡ್ರೇಟ್ ಒಂದೊಂದು ಗ್ರಾಂಗೆ 4 ಕ್ಯಾಲೊರಿ, ಕೊಬ್ಬು ಗ್ರಾಂಗೆ 9. ಪ್ರೋಟೀನ್ 7 ಇದೆ, ಅಂದರೆ 28. ಕೊಬ್ಬು 21, ಅಂದರೆ 189. ಎರಡೂ ಸೇರಿ 217. ಪ್ಯಾಕೆಟ್ಟಿನ ಮೇಲೆ 481 ಇದೆ. ಉಳಿದ 264 ಕಾರ್ಬೋಹೈಡ್ರೇಟಿನಿಂದಲೇ ಬರಬೇಕು. ನಾಲ್ಕರಿಂದ ಭಾಗಿಸಿ, 66 ಬರುತ್ತದೆ. 16 ಆಗಿದ್ದರೆ ಒಟ್ಟು 281 ಕ್ಯಾಲೊರಿ ಆಗುತ್ತಿತ್ತು. ಹಾಗಾಗಿ ಅದು 66. ಅನುಮಾನವೇ ಬೇಡ.

ಫೋಟೋದಲ್ಲಿ ಯಾವ ಅಂಕಿ ಮಸುಕಾದರೂ ಈ ಲೆಕ್ಕ ಹಾಕಿ ನೋಡಿ. ದಶಮಾಂಶದ ಚುಕ್ಕಿ ಅಳಿಸಿಹೋಗಿ 2.1 ಎನ್ನುವುದು 21 ಆಗಿ ಕಂಡರೂ ಸಿಕ್ಕಿಬೀಳುತ್ತದೆ. ಐದಾರು ಕ್ಯಾಲೊರಿ ಆಚೀಚೆ ಆದರೆ ತಲೆ ಕೆಡಿಸಿಕೊಳ್ಳಬೇಡಿ. ಮಾಲ್ಟಿಟಾಲ್, ಸಾರ್ಬಿಟಾಲ್ ತರಹದ್ದು ಹಾಕಿದ್ದರೆ ಮಾತ್ರ ಲೆಕ್ಕ ಕೂಡುವುದಿಲ್ಲ, ಯಾಕೆಂದರೆ ಅವಕ್ಕೆ ಗ್ರಾಂಗೆ 4 ಕ್ಯಾಲೊರಿ ಇರುವುದಿಲ್ಲ. ಇದರಲ್ಲಿ ಅವಿಲ್ಲ.

ಗಿರಿನಗರದ ಮಗಳು
ಅಬ್ಬಾ, 66! ಸಕ್ಕರೆ ಬರೀ 1.8 ಇದ್ದರೆ ಮಿಕ್ಕ 64 ಗ್ರಾಂ ಏನು ಸರ್? ಹಿಟ್ಟಾ?

ಪೀಣ್ಯ ಪ್ರಸಾದ
ಹಿಟ್ಟು ಮತ್ತು ಮಾಲ್ಟೋಡೆಕ್ಸ್‌ಟ್ರಿನ್. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

ಬಿಸ್ಕತ್ತಿನಲ್ಲಿ ಸಕ್ಕರೆ ಸಿಹಿಗೆ ಮಾತ್ರ ಇರುವುದಲ್ಲ. ಹಿಟ್ಟಿಗೆ ಮೈ ಕೊಡುವುದು, ಗರಿಗರಿ ಮಾಡುವುದು, ಬಣ್ಣ ತರಿಸುವುದು ಎಲ್ಲ ಅದೇ. ಮಾಮೂಲಿ ಸಿಹಿ ಬಿಸ್ಕತ್ತಿನಲ್ಲಿ ನೂರಕ್ಕೆ ಇಪ್ಪತ್ತು ಗ್ರಾಂ ಸಕ್ಕರೆ ಇರುವುದು ಸಾಮಾನ್ಯ. ಅಷ್ಟನ್ನೂ ತೆಗೆದು ಸುಕ್ರಲೋಸ್ ಹಾಕಿದರೆ ಸಿಹಿ ಬಂತು, ತೂಕ ಬರಲಿಲ್ಲ. ಸುಕ್ರಲೋಸ್ ಸಕ್ಕರೆಗಿಂತ ಸುಮಾರು 600 ಪಟ್ಟು ಸಿಹಿ, ಚಿಟಿಕೆ ಸಾಕು. ಖಾಲಿಯಾದ ಜಾಗಕ್ಕೆ ಏನಾದರೂ ತುಂಬಲೇಬೇಕಲ್ವಾ? ಇಲ್ಲಿ ಮಾಲ್ಟೋಡೆಕ್ಸ್‌ಟ್ರಿನ್ ತುಂಬಿದ್ದಾರೆ. ಮೆಕ್ಕೆಜೋಳ ಅಥವಾ ಮರಗೆಣಸಿನ ಪಿಷ್ಟವನ್ನು ತುಂಡರಿಸಿ ಮಾಡುವ ಬಿಳಿ ಪುಡಿ ಅದು. ನಾಲಿಗೆಗೆ ಸಿಹಿಯೇ ಇಲ್ಲ. ಆದರೆ ಹೊಟ್ಟೆಗೆ ಹೋದ ಮೇಲೆ ಬೇಗ ಗ್ಲೂಕೋಸ್ ಆಗುತ್ತದೆ, ಸಕ್ಕರೆಗಿಂತ ನಿಧಾನವೇನಲ್ಲ. ಗ್ಲೂಕೋಸ್ ಸರಪಳಿ ಉದ್ದ ಇರುವುದರಿಂದ ಲೇಬಲ್ಲಿನ "ಶುಗರ್ಸ್" ಸಾಲಿನಲ್ಲಿ ಎಣಿಕೆಗೆ ಬರುವುದಿಲ್ಲ, ಕಾರ್ಬೋಹೈಡ್ರೇಟ್ ಸಾಲಿನಲ್ಲಿ ಮಾತ್ರ ಬರುತ್ತದೆ. ಕಂಪನಿ ಸುಳ್ಳು ಬರೆದಿಲ್ಲ. ಆದರೆ ಶುಗರ್ ಇರುವವರು ನೋಡಬೇಕಾದ ಸಾಲು ಅದಲ್ಲ.

ಎಷ್ಟು ಹಾಕಿದ್ದಾರೆ ಎಂದೂ ಊಹಿಸಬಹುದು. ಪದಾರ್ಥಗಳನ್ನು ತೂಕದ ಇಳಿಕೆ ಕ್ರಮದಲ್ಲೇ ಬರೆಯಬೇಕು ಎಂಬುದು ನಿಯಮ. ಇಲ್ಲಿ ಮಾಲ್ಟೋಡೆಕ್ಸ್‌ಟ್ರಿನ್ ರಾಗಿಗಿಂತ ಮುಂದಿದೆ. ರಾಗಿ 14% ಅಂದಮೇಲೆ ಅದು 14ಕ್ಕಿಂತ ಕಡಿಮೆ ಇರಲು ಸಾಧ್ಯವಿಲ್ಲ. ಅಪ್ಪ ತಿನ್ನುತ್ತಿರುವ ರಾಗಿ ಬಿಸ್ಕತ್ತಿನಲ್ಲಿ ರಾಗಿಗಿಂತ ಈ ಪುಡಿಯೇ ಜಾಸ್ತಿ.

ಮೂರ್ತಿ ಬಸವನಗುಡಿ
ಆದರೂ ಸಕ್ಕರೆ ಬಿಸ್ಕತ್ತಿಗಿಂತ ಇದು ವಾಸಿ ತಾನೇ? ಅದನ್ನಾದರೂ ಒಪ್ಪಿ.

ಪೀಣ್ಯ ಪ್ರಸಾದ
ಮೂರ್ತಿಯವರೇ, ಈ ಪ್ಯಾಕೆಟ್ಟಿನ ಮಟ್ಟಿಗೆ ಒಪ್ಪಲು ಕಷ್ಟ. ಸಕ್ಕರೆ ಹಾಕಿದ ಬಿಸ್ಕತ್ತಿನಲ್ಲೂ ಕಾರ್ಬೋಹೈಡ್ರೇಟ್ ಹೆಚ್ಚುಕಡಿಮೆ ಇದೇ ಆಸುಪಾಸಿನಲ್ಲಿ ಇರುತ್ತದೆ. ನಿಮ್ಮ ಮನೆಯಲ್ಲಿರುವ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ.

ಮೂರ್ತಿ ಬಸವನಗುಡಿ
ನೋಡುತ್ತೇನೆ. ನನ್ನ ಎಚ್‌ಬಿಎ1ಸಿ ಮಾತ್ರ ಚೆನ್ನಾಗಿಯೇ ಇದೆ.

ಚಾಮರಾಜಪೇಟೆ ಚಂದ್ರು
ಯಾವ ಕಂಪನಿ ಬಿಸ್ಕತ್ ಒಳ್ಳೆಯದು ಎಂದು ಹೇಳಿದರೆ ನಾವೂ ತರಿಸಿಕೊಳ್ಳುತ್ತೇವೆ. ನಮ್ಮತ್ತೆಗೂ ಶುಗರ್ ಇದೆ.

ಗಿರಿನಗರದ ಮಗಳು
ಚಂದ್ರು ಅವರೇ, ನಾನು ಕಂಪನಿ ಹೆಸರು ಕೇಳುತ್ತಿಲ್ಲ. ಲೇಬಲ್ ಹೇಗೆ ಓದಬೇಕು ಎಂದು ಕೇಳುತ್ತಿದ್ದೇನೆ. ಅಪ್ಪ ವಾರಕ್ಕೊಂದು ಹೊಸ ಪ್ಯಾಕೆಟ್ ಹಿಡಿದುಕೊಂಡು ಬರುತ್ತಾರೆ.

ದೀಪಾ, ಡಯಟಿಷಿಯನ್
ಪ್ರಸಾದ್ ಸರ್ ಹೇಳಿದ್ದು ಸರಿ. ಆದರೆ ಎಲ್ಲರೂ ಮಾಲ್ಟೋಡೆಕ್ಸ್‌ಟ್ರಿನ್ ಒಂದನ್ನೇ ಹಿಡಿದುಕೊಳ್ಳಬೇಡಿ. ಮೊದಲ ಹೆಸರು ಮೈದಾ. ಅದೇ ಅರ್ಧದ ಹತ್ತಿರ ಇದೆ. ನಾಳೆ ಮಾಲ್ಟೋಡೆಕ್ಸ್‌ಟ್ರಿನ್ ಇಲ್ಲದ ಮೈದಾ ಬಿಸ್ಕತ್ ಬಂದರೆ ಒಳ್ಳೆಯದು ಎಂದುಕೊಳ್ಳಬಾರದು.

ಅಪ್ಪ ತಿನ್ನುವ ಲೆಕ್ಕಕ್ಕೆ ಬನ್ನಿ. ದಿನಕ್ಕೆ ಆರು ಬಿಸ್ಕತ್, ಒಂದಕ್ಕೆ 8 ಗ್ರಾಂ, ಒಟ್ಟು 48 ಗ್ರಾಂ. ನೂರಕ್ಕೆ 66ರ ಹಾಗೆ ಸುಮಾರು 32 ಗ್ರಾಂ ಕಾರ್ಬೋಹೈಡ್ರೇಟ್. 30 ಗ್ರಾಂ ಗೋಧಿ ಹಿಟ್ಟಿನ ಒಂದು ಫುಲ್ಕದಲ್ಲಿ ಸುಮಾರು 20 ಗ್ರಾಂ ಇರುತ್ತದೆ. ಅಂದರೆ ಕಾಫಿಯ ಜೊತೆಗೇ ಒಂದೂವರೆ ಫುಲ್ಕ ತಿಂದ ಹಾಗಾಯಿತು. ಇದನ್ನು ಅವರು ಊಟದಲ್ಲಿ ಕಳೆಯುವುದಿಲ್ಲ, ಯಾಕೆಂದರೆ "ಸಕ್ಕರೆ ಇಲ್ಲವಲ್ಲ" ಎನ್ನುವ ನಂಬಿಕೆ. ನನ್ನ ಹತ್ತಿರ ಬರುವವರಲ್ಲಿ ನಾನು ಹೆಚ್ಚಾಗಿ ಕಾಣುವುದು ಇದನ್ನೇ. ಆರು ಬಿಸ್ಕತ್ತಿನಲ್ಲಿ 10 ಗ್ರಾಂ ಎಣ್ಣೆಯೂ ಹೋಯಿತು. ರಾಗಿ ಸಿಕ್ಕಿದ್ದು ಏಳು ಗ್ರಾಂ ಒಳಗೆ.

ಪಕ್ಕದ ಶೇಕಡಾ ಕಾಲಂ ಬಗ್ಗೆಯೂ ಹುಷಾರು. ದಿನದ ಅಗತ್ಯದಲ್ಲಿ ಎಷ್ಟು ಪಾಲು ಎಂದು ಅಲ್ಲಿ ಹಾಕಿರುತ್ತಾರೆ. ಅದು 100 ಗ್ರಾಂಗೆ ಅಲ್ಲ, ಅವರೇ ಗೊತ್ತುಮಾಡಿದ ಒಂದು ಸರ್ವಿಂಗ್‌ಗೆ. ಇಂಥ ಪ್ಯಾಕೆಟ್ಟಿನಲ್ಲಿ ಸರ್ವಿಂಗ್ ಅಂದರೆ ಹೆಚ್ಚಾಗಿ ಎರಡು ಬಿಸ್ಕತ್. ಕ್ಯಾಲೊರಿ, ಕೊಬ್ಬು, ಆಡೆಡ್ ಶುಗರ್, ಸೋಡಿಯಂ ಮುಂದೆ ಶೇಕಡಾ ಇರುತ್ತದೆ. ಕಾರ್ಬೋಹೈಡ್ರೇಟ್ ಮುಂದೆ ಅದನ್ನು ಹಾಕಬೇಕೆಂಬ ನಿಯಮವಿಲ್ಲ. ಹಾಗಾಗಿ ಕಣ್ಣು ಆ ಸಾಲನ್ನು ದಾಟಿ ಹೋಗಿಬಿಡುತ್ತದೆ.

ವನಜಾ ಮಲ್ಲೇಶ್ವರ
ಅಷ್ಟೆಲ್ಲಾ ಲೆಕ್ಕ ಯಾಕೆ ಕಣಮ್ಮ, ಕಡ್ಲೆಪುರಿ ಕೊಡಿ ಅಪ್ಪನಿಗೆ. ಹಗುರ, ಎಣ್ಣೆ ಇಲ್ಲ, ಲೇಬಲ್ಲೂ ಇಲ್ಲ.

ದೀಪಾ, ಡಯಟಿಷಿಯನ್
ವನಜಾ ಅಮ್ಮ, ಎಣ್ಣೆ ಇಲ್ಲ ಎನ್ನುವುದು ನಿಜ. ಆದರೆ ಪುರಿ ಅಂದರೆ ಉಬ್ಬಿಸಿದ ಅಕ್ಕಿ. ಶುಗರ್ ಬೇಗ ಏರಿಸುತ್ತದೆ, ಉಪ್ಪೂ ಹಾಕಿರುತ್ತಾರೆ. ಹುರಿಗಡಲೆ ಒಂದು ಹಿಡಿ ಕೊಡಬಹುದು. ಕಡಲೆಕಾಯಿಯೂ ಸರಿ, ಅಳತೆ ಇಟ್ಟುಕೊಂಡು.

ವನಜಾ ಮಲ್ಲೇಶ್ವರ
ಹಾಗಿದ್ದರೆ ಪುರಿಗೆ ಹುರಿಗಡಲೆ ಜಾಸ್ತಿ ಬೆರೆಸಿ ಕೊಡಲಿ. ಬರೀ ಹುರಿಗಡಲೆ ಎಷ್ಟು ಹೊತ್ತು ಅಗಿಯುತ್ತಾರೆ ಪಾಪ, ಹಲ್ಲೂ ನೋಡಬೇಕಲ್ಲ.

ಸಾವಯವ ಶಶಿ
ನನ್ನ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. 955, 503, 500, 322. ಇವನ್ನೆಲ್ಲ ಅಪ್ಪನ ಹೊಟ್ಟೆಗೆ ಹಾಕಬೇಕಾ?

ಪೀಣ್ಯ ಪ್ರಸಾದ
ಶಶಿ, ಒಂದೊಂದಾಗಿ ನೋಡೋಣ. 500 ಅಂದರೆ ನಿಮ್ಮ ಮನೆಯಲ್ಲೂ ಇರುವ ಅಡಿಗೆ ಸೋಡಾ. 503 ಅಮೋನಿಯಂ ಬೈಕಾರ್ಬೊನೇಟ್, ಓವನ್ನಿನ ಬಿಸಿಗೆ ಗ್ಯಾಸ್ ಆಗಿ ಹೋಗಿಬಿಡುತ್ತದೆ. 322 ಲೆಸಿಥಿನ್, ಹೆಚ್ಚಾಗಿ ಸೋಯಾದ್ದು. ನಂಬರ್ ಇದ್ದ ಮಾತ್ರಕ್ಕೆ ವಿಷವಲ್ಲ, ನಂಬರ್ ಇಲ್ಲದ ಮಾತ್ರಕ್ಕೆ ಒಳ್ಳೆಯದೂ ಅಲ್ಲ. ಈ ಪ್ಯಾಕೆಟ್ಟಿನಲ್ಲಿ ಅಪ್ಪನ ಶುಗರ್ ಏರಿಸುವ ಮೈದಾಕ್ಕೂ ನಂಬರ್ ಇಲ್ಲ, ಮಾಲ್ಟೋಡೆಕ್ಸ್‌ಟ್ರಿನ್ನಿಗೂ ಇಲ್ಲ.

ದೀಪಾ, ಡಯಟಿಷಿಯನ್
ಡಬ್ಲ್ಯೂಎಚ್‌ಒ ವಿಷಯ. 2023ರ ಆ ಸಲಹೆ ಇರುವುದು ತೂಕ ಇಳಿಸಲು ಸ್ವೀಟ್ನರ್ ನಂಬಬೇಡಿ ಎಂದು. ಈಗಾಗಲೇ ಸಕ್ಕರೆ ಕಾಯಿಲೆ ಇರುವವರಿಗೆ ಇದು ಅನ್ವಯಿಸುವುದಿಲ್ಲ ಎಂದು ಅದರಲ್ಲೇ ಬರೆದಿದ್ದಾರೆ. ಆ ಅರ್ಧ ಯಾರೂ ಫಾರ್ವರ್ಡ್ ಮಾಡುವುದಿಲ್ಲ.

ಸಾವಯವ ಶಶಿ
ಅನ್ವಯಿಸುವುದಿಲ್ಲ ಅಂದರೆ ಒಳ್ಳೆಯದು ಎಂದು ಅರ್ಥವಲ್ಲವಲ್ಲ ಮೇಡಂ. ದಿನಾ ಎರಡು ಹೊತ್ತು ಸಿಹಿ ರುಚಿ ನಾಲಿಗೆಗೆ ಬಿದ್ದರೆ ಸಿಹಿಯ ಚಪಲ ಹೋಗುವುದಾದರೂ ಹೇಗೆ? ನಮ್ಮಮ್ಮನಿಗೆ ಪೂರ್ತಿ ನಿಲ್ಲಿಸಿದೆವು, ಈಗ ಅವರು ಕಾಫಿಗೂ ಏನೂ ಕೇಳುವುದಿಲ್ಲ.

ದೀಪಾ, ಡಯಟಿಷಿಯನ್
ಬಿಡಲು ಆಗುವವರು ಬಿಡಲಿ, ಅದಕ್ಕೆ ನನ್ನ ತಕರಾರಿಲ್ಲ. ಬಿಡಲು ಆಗದವರಿಗೆ ಕಾಫಿಯಲ್ಲಿ ಒಂದು ಸ್ವೀಟ್ನರ್ ಮಾತ್ರೆ ಹಾಕುವುದು ಎರಡು ಚಮಚ ಸಕ್ಕರೆಗಿಂತ ವಾಸಿ ಎನ್ನುವುದು ನನ್ನ ಅನುಭವ.

ಇನ್ಸುಲಿನ್ ಮಗ
ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಆದರೆ ಇದು ಮುಖ್ಯ. ನಿಮ್ಮ ಅಪ್ಪ ಗ್ಲಿಮೆಪಿರೈಡ್ ತೆಗೆದುಕೊಳ್ಳುತ್ತಾರೆ ಎಂದಿರಿ. ಅದರಿಂದ ಶುಗರ್ ಒಮ್ಮೊಮ್ಮೆ ತೀರಾ ಇಳಿದುಬಿಡಬಹುದು. ನಮ್ಮಮ್ಮ ಇನ್ಸುಲಿನ್ ಮೇಲಿದ್ದಾರೆ. ಒಂದು ದಿನ ಬೆವರಿ, ಕೈ ನಡುಗಿ ಕುಳಿತರು. ಪಕ್ಕದ ಮನೆಯವರು ಪಾಪ, ಶುಗರ್ ಇರುವವರಲ್ವಾ ಎಂದು ಸಕ್ಕರೆ ಇಲ್ಲದ ಬಿಸ್ಕತ್ತನ್ನೇ ಹುಡುಕಿ ಕೊಟ್ಟರು. ಹಿಟ್ಟು, ಎಣ್ಣೆ ಜೀರ್ಣವಾಗಿ ಶುಗರ್ ಏರುವ ತನಕ ಕಾಯುವ ಹೊತ್ತಲ್ಲ ಅದು. ಮೂರು ಚಮಚ ಮಾಮೂಲಿ ಸಕ್ಕರೆ ನೀರಿನಲ್ಲಿ ಕದಡಿ ಕೊಡಬೇಕು. ಹದಿನೈದು ನಿಮಿಷ ಬಿಟ್ಟು ಮತ್ತೆ ಚೆಕ್ ಮಾಡಬೇಕು, 70ರ ಕೆಳಗೇ ಇದ್ದರೆ ಇನ್ನೊಮ್ಮೆ ಕೊಡಬೇಕು. ಪ್ರಜ್ಞೆ ಸರಿ ಇಲ್ಲದಿದ್ದರೆ ಬಾಯಿಗೆ ಏನೂ ಹಾಕಬಾರದು, 108ಕ್ಕೆ ಫೋನ್ ಮಾಡಬೇಕು. ಅಮ್ಮನಿಗೂ ಇದು ಗೊತ್ತಿರಲಿ.

ಗಿರಿನಗರದ ಮಗಳು
ತುಂಬಾ ಥ್ಯಾಂಕ್ಸ್. ಇದನ್ನು ಇವತ್ತೇ ಅಮ್ಮನಿಗೆ ಫೋನ್ ಮಾಡಿ ಹೇಳುತ್ತೇನೆ. ಮನೆಯಲ್ಲಿ ಸಕ್ಕರೆ ಡಬ್ಬವನ್ನೇ ಎತ್ತಿ ಬಚ್ಚಿಟ್ಟಿದ್ದಾರೆ ಅವರು.

ಮೂರ್ತಿ ಬಸವನಗುಡಿ
ಉಪ್ಪಿನ ಮಾತು ಬಿಟ್ಟೇಹೋಯಿತು. ಸೋಡಿಯಂ 420 ಎಂದಿದೆ, ಅದು ಜಾಸ್ತಿ ಅಲ್ವಾ? ಪದಾರ್ಥಗಳಲ್ಲಿ ಉಪ್ಪು ಎಲ್ಲೋ ಕೊನೆಯಲ್ಲಿದೆ.

ಪೀಣ್ಯ ಪ್ರಸಾದ
ಒಳ್ಳೆ ಪ್ರಶ್ನೆ. ಸೋಡಿಯಂ ಸಾಲಿನಲ್ಲಿ ಉಪ್ಪೊಂದೇ ಅಲ್ಲ, ಅಡಿಗೆ ಸೋಡಾದ ಸೋಡಿಯಂ ಕೂಡ ಸೇರಿರುತ್ತದೆ. ಬೇರೆ ತಿಂಡಿಗಳಲ್ಲಾದರೆ 621 ಎನ್ನುವ ಅಜಿನೊಮೊಟೊ, ಕೆಡದಿರಲೆಂದು ಹಾಕುವ 211, ಇವೂ ಸೇರುತ್ತವೆ. ಹಾಗಾಗಿ "ಉಪ್ಪು" ಎನ್ನುವ ಹೆಸರು ಎಲ್ಲಿದೆ ಎಂದು ಹುಡುಕುವುದಕ್ಕಿಂತ ಸೋಡಿಯಂ ಅಂಕಿಯನ್ನೇ ನಂಬಿ. ಅದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಲೆಕ್ಕ. ಆರು ಬಿಸ್ಕತ್ತಿಗೆ 200 ಮಿಲಿಗ್ರಾಂ ಸೋಡಿಯಂ, ಅಂದರೆ ಅರ್ಧ ಗ್ರಾಂ ಉಪ್ಪು. ದಿನದ ಮಿತಿ 2000 ಮಿಲಿಗ್ರಾಂ ಸೋಡಿಯಂ, ಉಪ್ಪಾದರೆ 5 ಗ್ರಾಂ. ಬಿಸ್ಕತ್ ಒಂದರಿಂದಲೇ ತೊಂದರೆಯಾಗುವಷ್ಟಿಲ್ಲ. ಆದರೆ ಸಿಹಿ ಬಿಸ್ಕತ್ತಿನಲ್ಲೂ ಇಷ್ಟಿದೆ ಎಂದು ಗೊತ್ತಿರಲಿ.

ಚಾಮರಾಜಪೇಟೆ ಚಂದ್ರು
ಉಪ್ಪಿಗೆ ನನ್ನ ಹತ್ತಿರ ಉಪಾಯ ಇದೆ. ಈಗ ಲೋ ಸೋಡಿಯಂ ಉಪ್ಪು ಸಿಗುತ್ತದೆ. ಬಿ.ಪಿ.ಗೆ ಒಳ್ಳೆಯದು. ಅಪ್ಪನಿಗೂ ಅದನ್ನೇ ಹಾಕಿ ಅಡಿಗೆ ಮಾಡಿ.

ದೀಪಾ, ಡಯಟಿಷಿಯನ್
ದಯವಿಟ್ಟು ಡಾಕ್ಟರನ್ನು ಕೇಳದೆ ಅದನ್ನು ತರಬೇಡಿ! ಬೇರೆಯವರಿಗೆ ಚಂದ್ರು ಅವರ ಸಲಹೆ ಸರಿಯಿರಬಹುದು, ಈ ಅಪ್ಪನಿಗೆ ಅಪಾಯ. ಆ ಉಪ್ಪಿನಲ್ಲಿ ಸೋಡಿಯಂ ತೆಗೆದ ಜಾಗಕ್ಕೆ ಪೊಟ್ಯಾಸಿಯಂ ಕ್ಲೋರೈಡ್ ಹಾಕಿರುತ್ತಾರೆ. ಟೆಲ್ಮಿಸಾರ್ಟಾನ್ ತೆಗೆದುಕೊಳ್ಳುವವರಲ್ಲಿ ಪೊಟ್ಯಾಸಿಯಂ ಮೊದಲೇ ಏರುವ ಸ್ವಭಾವ ಇರುತ್ತದೆ. ಜೊತೆಗೆ ಕ್ರಿಯಾಟಿನಿನ್ ಮೇಲಿದೆ, ಅಂದರೆ ಕಿಡ್ನಿ ಅದನ್ನು ಸರಿಯಾಗಿ ಹೊರಹಾಕದೇ ಇರಬಹುದು. ಪೊಟ್ಯಾಸಿಯಂ ತುಂಬಾ ಏರಿದರೆ ಹೃದಯದ ಬಡಿತವೇ ತಪ್ಪುತ್ತದೆ. ಪ್ಯಾಕೆಟ್ ತಿಂಡಿಗಳಲ್ಲಿ ಇದು 508 ಎಂಬ ನಂಬರಿನಲ್ಲಿ ಬರುತ್ತದೆ. ಶಶಿಯವರೇ, ನೀವು ನಂಬರ್ ಹುಡುಕುವುದಾದರೆ ಇಂಥವರ ಮನೆಯಲ್ಲಿ ಹುಡುಕಬೇಕಾದ ನಂಬರ್ ಇದು. ಕಿಡ್ನಿ ತೊಂದರೆ ಇನ್ನೂ ಜಾಸ್ತಿ ಇದ್ದರೆ ಫಾಸ್ಫೇಟುಗಳನ್ನೂ ನೋಡಬೇಕು, 450ರಿಂದ 452.

ಚಾಮರಾಜಪೇಟೆ ಚಂದ್ರು
ಅತ್ತೆಗೆ ಕಿಡ್ನಿ ತೊಂದರೆ ಇಲ್ಲ, ಆದರೂ ಮುಂದಿನ ಸಲ ಡಾಕ್ಟರನ್ನು ಕೇಳುತ್ತೇನೆ.

ಗಿರಿನಗರದ ಮಗಳು
ಫೋಟೋ ಬಗ್ಗೆ ಒಂದು ಮಾತು. ಪ್ರತಿ ಸಲವೂ ಹೀಗೆಯೇ ಮಸುಕು ಬರುತ್ತದೆ. ನಾನು ಆಪ್‌ನಲ್ಲಿ ಅದೇ ಬಿಸ್ಕತ್ ಹುಡುಕಿ ಅಲ್ಲಿನ ಲೇಬಲ್ ನೋಡಿದರೆ ಸಾಕಲ್ವಾ?

ಪೀಣ್ಯ ಪ್ರಸಾದ
ಸಾಲದು. ಆಪ್‌ನಲ್ಲಿರುವುದು ಹಳೆಯ ಪ್ಯಾಕಿನ ಫೋಟೋ ಇರಬಹುದು. ಕಂಪನಿಗಳು ಪದಾರ್ಥ ಬದಲಿಸಿದಾಗ ಅಲ್ಲಿ ತಕ್ಷಣ ಬದಲಾಗುವುದಿಲ್ಲ. ಕೈಯಲ್ಲಿರುವ ಪ್ಯಾಕೆಟ್ಟೇ ನಿಜ.

ಅಪ್ಪನಿಗೆ ಹೀಗೆ ಹೇಳಿಕೊಡಿ. ಬಿಸ್ಕತ್ತನ್ನು ಡಬ್ಬಕ್ಕೆ ಸುರಿದ ಮೇಲೆ ಖಾಲಿ ಪ್ಯಾಕೆಟ್ಟನ್ನು ಬಿಚ್ಚಿ, ಕಿಟಕಿ ಹತ್ತಿರ ಮೇಜಿನ ಮೇಲೆ ಚಪ್ಪಟೆಯಾಗಿ ಹಾಸಲಿ. ಫ್ಲ್ಯಾಶ್ ಬೇಡ. ಪದಾರ್ಥಗಳಿಗೆ ಒಂದು ಫೋಟೋ, ಟೇಬಲ್ಲಿಗೆ ಒಂದು. ಟೇಬಲ್ಲಿನ ತಲೆಸಾಲು ಬಂದಿರಲೇಬೇಕು, ಇಲ್ಲದಿದ್ದರೆ ಅಂಕಿ 100 ಗ್ರಾಂಗೋ ಎರಡು ಬಿಸ್ಕತ್ತಿಗೋ ತಿಳಿಯುವುದಿಲ್ಲ. ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿದರೆ ಚಿತ್ರ ಕುಗ್ಗುವುದಿಲ್ಲ.

ಇನ್ಸುಲಿನ್ ಮಗ
ಗ್ಲೂಕೋಮೀಟರ್ ಇದ್ದರೆ ಅದನ್ನೂ ಬಳಸಿ. ಬಿಸ್ಕತ್ ತಿನ್ನುವ ಮುಂಚೆ ಒಮ್ಮೆ, ಎರಡು ಗಂಟೆ ಬಿಟ್ಟು ಒಮ್ಮೆ ನೋಡಿ. ಬೇರೆ ದಿನ ಅದೇ ಹೊತ್ತಿನಲ್ಲಿ ಹುರಿಗಡಲೆ ತಿಂದು ನೋಡಿ. ಇಬ್ಬರ ಮೈ ಒಂದೇ ತರಹ ಇರುವುದಿಲ್ಲ.

ಮೂರ್ತಿ ಬಸವನಗುಡಿ
ಎರಡು ಪ್ಯಾಕೆಟ್ ಪಕ್ಕಪಕ್ಕ ಇಟ್ಟು ನೋಡಿದೆ. ಸಕ್ಕರೆ ಇರುವುದರಲ್ಲಿ ಕಾರ್ಬೋಹೈಡ್ರೇಟ್ 71, ಇಲ್ಲದಿರುವುದರಲ್ಲಿ 67. ಬೆಲೆ ಮಾತ್ರ ದುಪ್ಪಟ್ಟಿಗೂ ಜಾಸ್ತಿ. ನಾಲ್ಕು ಗ್ರಾಂ ಕಡಿಮೆ ಎನ್ನುವುದೂ ಕಡಿಮೆಯೇ ತಾನೇ ಪ್ರಸಾದ್?

ಪೀಣ್ಯ ಪ್ರಸಾದ
ಅದು 100 ಗ್ರಾಂಗೆ ನಾಲ್ಕು. ಒಂದು ಹೊತ್ತಿಗೆ ಮೂರು ಬಿಸ್ಕತ್ ತಿಂದರೆ ಒಂದು ಗ್ರಾಂ.

ಗಿರಿನಗರದ ಮಗಳು
ಅಪ್ಪನ ಹತ್ತಿರ ಮಾತಾಡಿದೆ. ಬಿಸ್ಕತ್ ಪೂರ್ತಿ ಬಿಡಲು ಒಪ್ಪಲಿಲ್ಲ. ಸಂಜೆ ಎರಡು, ಬೆಳಿಗ್ಗೆ ಇಲ್ಲ ಎನ್ನುವಲ್ಲಿಗೆ ಬಂದಿದ್ದೇವೆ. ಆಮೇಲೆ ಅವರೇ ಅಡಿಗೆಮನೆಗೆ ಹೋಗಿ ಚಟ್ನಿಪುಡಿ ಪ್ಯಾಕೆಟ್ಟಿನ ಫೋಟೋ ಕಳಿಸಿದರು, ಫ್ಲ್ಯಾಶ್ ಇಲ್ಲದೆ! ಸೋಡಿಯಂ 4200 ಮಿಲಿಗ್ರಾಂ ಎಂದಿದೆ. ಇದು 420 ಇರಬೇಕು, ತಪ್ಪಾಗಿ ಮುದ್ರಿಸಿದ್ದಾರಾ?

ಪೀಣ್ಯ ಪ್ರಸಾದ
ತಪ್ಪಿರಲಿಕ್ಕಿಲ್ಲ. ಪದಾರ್ಥಗಳಲ್ಲಿ ಉಪ್ಪು ಎಷ್ಟನೆಯದು ನೋಡಿ. 4200 ಅಂದರೆ ನೂರು ಗ್ರಾಂ ಪುಡಿಯಲ್ಲಿ ಹತ್ತು ಗ್ರಾಂಗಿಂತ ಜಾಸ್ತಿ ಉಪ್ಪು. ಹಾಗಿದ್ದರೆ ಉಪ್ಪು ಮೊದಲ ನಾಲ್ಕೈದು ಹೆಸರುಗಳ ಒಳಗೆ ಇರಬೇಕು.

ಗಿರಿನಗರದ ಮಗಳು
ಕಡಲೆಬೇಳೆ, ಉದ್ದಿನಬೇಳೆ, ಕೊಬ್ಬರಿ, ಆಮೇಲೆ ಉಪ್ಪು. ನಾಲ್ಕನೆಯದು.

ದೀಪಾ, ಡಯಟಿಷಿಯನ್
ಹಾಗಾದರೆ ಅಂಕಿ ಸರಿಯೇ. ಎರಡು ಇಡ್ಲಿಗೆ ಹತ್ತು ಗ್ರಾಂ ಪುಡಿ ಹಾಕಿಕೊಂಡರೆ ಒಂದು ಗ್ರಾಂ ಉಪ್ಪು ಬಂತು, ದಿನದ ಐದರಲ್ಲಿ ಒಂದು ಪಾಲು. ಇಡ್ಲಿ ಹಿಟ್ಟಿನ ಉಪ್ಪು ಬೇರೆ.

ವನಜಾ ಮಲ್ಲೇಶ್ವರ
ಚಟ್ನಿಪುಡಿ ಮನೆಯಲ್ಲೇ ಮಾಡಬಹುದಮ್ಮ. ಹುಣಸೆ, ಕರಿಬೇವು ಸ್ವಲ್ಪ ಮುಂದಾಗಿ ಹಾಕಿದರೆ ಉಪ್ಪು ಅರ್ಧ ಸಾಕು, ಬಾಯಿಗೆ ಗೊತ್ತೇ ಆಗುವುದಿಲ್ಲ. ಅಮ್ಮನಿಗೆ ಹೇಳಿ, ಬೇಕಿದ್ದರೆ ಅಳತೆ ಬರೆದು ಕಳಿಸುತ್ತೇನೆ.

ಮೂರ್ತಿ ಬಸವನಗುಡಿ
ನನಗೂ ಕಳಿಸಿ ವನಜಾ ಅವರೇ. ಬೆಲ್ಲ ಹಾಕದೆ ಮಾಡುವುದು ಹೇಗೆ ಎಂದೂ ಬರೆಯಿರಿ.